ಪದಚರ್ಚೆ: ಸಂಶೋಧನಾ ಪ್ರಶ್ನೆ, ಪ್ರಾಕ್ಕಲ್ಪನೆ, ಪ್ರತಿಪಾದನೆ – ಮೂರು ಅಂಕಣಗಳಲ್ಲಿ ಒಂದೇ ವಾಕ್ಯವೇ?

ಬದಿಯಡ್ಕದಿಂದ

ಬಳಗದ ಹಿರಿಯರಿಗೆ ನಮಸ್ಕಾರ. ನಾನು ಎಂ.ಎಡ್. ವಿದ್ಯಾರ್ಥಿನಿ. ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಎಂಟನೆಯ ತರಗತಿಯ ಮಕ್ಕಳು ಬರೆಯುವ ಕನ್ನಡದಲ್ಲಿ ಮಲಯಾಳ ಪದಗಳು ಎಷ್ಟು ಬರುತ್ತವೆ ಎಂಬುದನ್ನು ಕಿರುಪ್ರಬಂಧದ ವಿಷಯವಾಗಿ ಆರಿಸಿಕೊಂಡಿದ್ದೇನೆ. ಸಿನಾಪ್ಸಿಸ್‌ನ ನಮೂನೆಯಲ್ಲಿ ರಿಸರ್ಚ್ ಕ್ವೆಶ್ಚನ್, ಹೈಪಾಥಿಸಿಸ್, ಥೀಸಿಸ್ ಸ್ಟೇಟ್‌ಮೆಂಟ್ ಎಂದು ಮೂರು ಅಂಕಣಗಳಿವೆ. ಮೊದಲನೆಯದರಲ್ಲಿ “ಮಲಯಾಳ ಪರಿಸರವು ಮಕ್ಕಳ ಕನ್ನಡ ಬರಹದ ಮೇಲೆ ಪ್ರಭಾವ ಬೀರುತ್ತದೆಯೇ?” ಎಂದೂ, ಎರಡನೆಯದರಲ್ಲಿ “ಪ್ರಭಾವ ಬೀರುತ್ತದೆ” ಎಂದೂ, ಮೂರನೆಯದರಲ್ಲಿ “ಪ್ರಭಾವ ಬೀರುತ್ತದೆ ಎಂಬುದನ್ನು ಈ ಪ್ರಬಂಧವು ತೋರಿಸುತ್ತದೆ” ಎಂದೂ ಬರೆದೆ. ಮಾರ್ಗದರ್ಶಕರು ಮೂರೂ ಒಂದೇ ಆಯಿತೆಂದು ಹಿಂದಿರುಗಿಸಿದರು. ಮೂರಕ್ಕೂ ಕನ್ನಡದಲ್ಲಿ ಏನು ಹೇಳಬೇಕು, ಒಂದೇ ಅಧ್ಯಯನದಲ್ಲಿ ಅವುಗಳನ್ನು ಹೇಗೆ ಬೇರ್ಪಡಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು. ನಮ್ಮಲ್ಲಿ ಕೆಲವರು ಹೈಪಾಥಿಸಿಸ್‌ಗೆ ‘ಪರಿಕಲ್ಪನೆ’ ಎಂದು ಬರೆಯುತ್ತಾರೆ. ಅದು ಸರಿಯೇ?

ಮಂಜೇಶ್ವರದಿಂದ

ಇದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಕೇಳುವುದು ಸಂಶೋಧನಾ ಪ್ರಶ್ನೆ. ಅದಕ್ಕೆ ನಾವು ಮುಂಚಿತವಾಗಿ ಊಹಿಸುವ ಉತ್ತರ ಪ್ರಾಕ್ಕಲ್ಪನೆ. ಆ ಊಹೆಯು ಅಂಕಿ ಅಂಶಗಳಿಂದ ಸಾಬೀತಾದ ಮೇಲೆ ಅದೇ ಪ್ರಬಂಧದ ಪ್ರತಿಪಾದನೆಯಾಗುತ್ತದೆ. ಆದ್ದರಿಂದ ಮೂರೂ ಒಂದೇ ವಾಕ್ಯದ ಮೂರು ಅವಸ್ಥೆಗಳು. ಸಹೋದರಿ ಬರೆದುದರಲ್ಲಿ ದೊಡ್ಡ ತಪ್ಪೇನೂ ಇಲ್ಲ, ಭಾಷೆಯನ್ನು ಸ್ವಲ್ಪ ತಿದ್ದಿಕೊಂಡರೆ ಸಾಕು.

ಉಪ್ಪಳದಿಂದ

ಥೀಸಿಸ್ ಸ್ಟೇಟ್‌ಮೆಂಟ್ ಎಂದರೆ ಪ್ರಬಂಧದ ಮೊದಲಲ್ಲಿ ಇರುವ ಹೇಳಿಕೆಯ ಪುಟವಲ್ಲವೇ? “ಈ ಪ್ರಬಂಧವು ನನ್ನ ಸ್ವಂತ ಅಧ್ಯಯನದ ಫಲವಾಗಿದ್ದು, ಇದನ್ನು ಬೇರೆ ಯಾವ ಪದವಿಗೂ ಸಲ್ಲಿಸಿರುವುದಿಲ್ಲ” ಎಂದು ಬರೆದು ಸಹಿ ಹಾಕಿದರಾಯಿತು. ನನ್ನ ಮಗಳ ಪ್ರಬಂಧದಲ್ಲಿ ಹಾಗೆಯೇ ಇತ್ತು.

ಕುಂಬಳೆಯಿಂದ

ಉಪ್ಪಳದವರು ಹೇಳಿದ ಪುಟವು ಘೋಷಣಾಪತ್ರ. ಇಲ್ಲಿ ಕೇಳಿರುವುದು ಅದಲ್ಲ. ಆದರೆ ಅವರು ಹಾಗೆ ತಿಳಿದುಕೊಂಡುದಕ್ಕೆ ಕಾರಣವಿದೆ. ಕೆಲವರು ಥೀಸಿಸ್ ಸ್ಟೇಟ್‌ಮೆಂಟ್ ಅನ್ನು ‘ಪ್ರಬಂಧ ಹೇಳಿಕೆ’ ಎಂದು ಬರೆಯುತ್ತಾರೆ. ಹಾಗೆ ಬರೆದರೆ ಯಾರಿಗಾದರೂ ಸಹಿ ಹಾಕುವ ಪುಟವೇ ನೆನಪಾಗುವುದು ಸಹಜ. ಥೀಸಿಸ್ ಎಂಬುದಕ್ಕೆ ರಟ್ಟು ಹಾಕಿ ಒಪ್ಪಿಸುವ ಹೊತ್ತಗೆ ಎಂಬ ಅರ್ಥವೂ ಇದೆ, ಆ ಹೊತ್ತಗೆಯ ಮೂಲಕ ನಾವು ಮುಂದಿಡುವ ವಾದ ಎಂಬ ಅರ್ಥವೂ ಇದೆ. ಇಲ್ಲಿ ಬೇಕಾಗಿರುವುದು ಎರಡನೆಯದು. ‘ಪ್ರತಿಪಾದನೆ’ ಎಂಬ ಮಾತು ಅದಕ್ಕೆ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

‘ಪರಿಕಲ್ಪನೆ’ಯ ಬಗ್ಗೆ ಗಡಿಭಾಗದ ನಾವು ವಿಶೇಷವಾಗಿ ಎಚ್ಚರ ವಹಿಸಬೇಕು. ಮಲಯಾಳದಲ್ಲಿ ‘ಪರಿಕಲ್ಪನ’ ಎಂದರೆ ಹೈಪಾಥಿಸಿಸ್. ಕನ್ನಡದಲ್ಲಿ ಪರಿಕಲ್ಪನೆ ಎಂದರೆ ಕಾನ್ಸೆಪ್ಟ್ ಎಂದೇ ರೂಢಿಯಾಗಿದೆ. ಮಲಯಾಳ ಪುಸ್ತಕವನ್ನು ನೋಡಿ ಬರೆದ ವಾಕ್ಯವನ್ನು ಮೈಸೂರಿನ ಅಥವಾ ಮಂಗಳೂರಿನ ಪರೀಕ್ಷಕರು ಓದಿದರೆ, ನೀವು ಪರೀಕ್ಷಿಸಲು ಹೊರಟ ಮಾತನ್ನು ಅವರು ಒಂದು ಪದದ ವಿವರಣೆ ಎಂದು ತಿಳಿಯುತ್ತಾರೆ. ‘ಪ್ರಾಕ್ಕಲ್ಪನೆ’ ಎಂದು ಬರೆಯುವುದು ಕ್ಷೇಮಕರ.

ಇನ್ನು ಮುಖ್ಯ ವಿಷಯ. ಮಂಜೇಶ್ವರದವರು ಹೇಳಿದ ಕ್ರಮದಲ್ಲಿ ಮೊದಲ ಎರಡು ಮೆಟ್ಟಿಲುಗಳು ಸರಿ, ಮೂರನೆಯದು ಸರಿಯಲ್ಲ. ಅದಕ್ಕೆ ಬರುವ ಮೊದಲು ನಿಮ್ಮ ಎರಡನೆಯ ಅಂಕಣವನ್ನು ನೋಡೋಣ. “ಮಲಯಾಳ ಪರಿಸರವು ಪ್ರಭಾವ ಬೀರುತ್ತದೆ” ಎಂಬ ವಾಕ್ಯವು ಪ್ರಾಕ್ಕಲ್ಪನೆಯಲ್ಲ, ಪ್ರಶ್ನಾರ್ಥಕ ಚಿಹ್ನೆಯನ್ನು ಕಳೆದುಕೊಂಡ ಪ್ರಶ್ನೆ ಮಾತ್ರ. ಮಕ್ಕಳ ಬರಹದಲ್ಲಿ ಯಾವ ರೀತಿಯ ಫಲಿತಾಂಶ ಕಂಡುಬಂದರೆ ಈ ವಾಕ್ಯವು ಸುಳ್ಳಾಗುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನೂರು ಪದಗಳಲ್ಲಿ ಒಂದು ಮಲಯಾಳ ಪದ ಸಿಕ್ಕಿದರೂ ಪ್ರಭಾವ ಇದೆ ಎನ್ನಬಹುದು, ಹತ್ತು ಸಿಕ್ಕಿದರೂ ಎನ್ನಬಹುದು. ಒಂದೂ ಸಿಗದಿದ್ದರೆ ಮಕ್ಕಳು ಎಚ್ಚರದಿಂದ ತಪ್ಪಿಸಿದ್ದಾರೆ, ಅದೂ ಪ್ರಭಾವವೇ ಎಂದು ವಾದಿಸಬಹುದು. ಯಾವ ಫಲಿತಾಂಶ ಬಂದರೂ ಗೆಲ್ಲುವ ವಾಕ್ಯವನ್ನು ಪರೀಕ್ಷಿಸಲು ಬರುವುದಿಲ್ಲ.

ಅದನ್ನು ಸೋಲಬಲ್ಲ ವಾಕ್ಯವನ್ನಾಗಿ ಮಾಡಬೇಕಾದರೆ ಯಾರನ್ನು ಯಾರೊಂದಿಗೆ ಹೋಲಿಸುತ್ತೀರಿ, ಯಾವುದನ್ನು ಎಣಿಸುತ್ತೀರಿ, ವ್ಯತ್ಯಾಸವು ಯಾವ ಕಡೆಗೆ ಇರಬೇಕೆಂದು ನಿರೀಕ್ಷಿಸುತ್ತೀರಿ ಎಂಬುದು ಅದರಲ್ಲಿರಬೇಕು. ನಮ್ಮಲ್ಲಿ ಕನ್ನಡ ಮತ್ತು ಮಲಯಾಳ ಎರಡು ವಿಭಾಗಗಳೂ ಒಂದೇ ಅಂಗಳದಲ್ಲಿರುವ ಶಾಲೆಗಳಿವೆ, ಕನ್ನಡ ವಿಭಾಗ ಮಾತ್ರ ಇರುವ ಶಾಲೆಗಳೂ ಇವೆ. ಆಗ ಪ್ರಶ್ನೆಯು “ಮಕ್ಕಳ ಕನ್ನಡ ಬರಹದಲ್ಲಿ ಬರುವ ಮಲಯಾಳ ಪದಗಳ ಪ್ರಮಾಣಕ್ಕೂ ಅವರು ಓದುವ ಶಾಲೆಯ ಬಗೆಗೂ ಸಂಬಂಧವಿದೆಯೇ?” ಎಂದಾಗುತ್ತದೆ. ಪ್ರಾಕ್ಕಲ್ಪನೆಯು “ಎರಡೂ ವಿಭಾಗಗಳಿರುವ ಶಾಲೆಯ ಮಕ್ಕಳ ಪ್ರಬಂಧಗಳಲ್ಲಿ ನೂರು ಪದಗಳಿಗೆ ಬರುವ ಮಲಯಾಳ ಪದಗಳ ಸರಾಸರಿಯು ಕನ್ನಡ ವಿಭಾಗ ಮಾತ್ರ ಇರುವ ಶಾಲೆಯ ಮಕ್ಕಳದಕ್ಕಿಂತ ಹೆಚ್ಚಾಗಿರುತ್ತದೆ” ಎಂದಾಗುತ್ತದೆ. ಇದಕ್ಕೆ ಎದುರಾಗಿ “ಎರಡು ಬಗೆಯ ಶಾಲೆಗಳ ಸರಾಸರಿಯಲ್ಲಿ ವ್ಯತ್ಯಾಸವಿಲ್ಲ” ಎಂಬ ಶೂನ್ಯ ಪ್ರಾಕ್ಕಲ್ಪನೆಯನ್ನು ಇಟ್ಟುಕೊಂಡು, ಸಂಖ್ಯಾಶಾಸ್ತ್ರದ ಪರೀಕ್ಷೆಯನ್ನು ಅದರ ಮೇಲೆಯೇ ನಡೆಸಬೇಕು.

ಎಣಿಸುವ ನಿಯಮವನ್ನು ಬರಹಗಳನ್ನು ನೋಡುವ ಮೊದಲೇ ಬರೆದಿಡಬೇಕೆಂದು ಒತ್ತಾಯಿಸಿ ಹೇಳುತ್ತೇನೆ. ಮಗುವೊಂದು “ಅಮ್ಮ ಅಯಲ್‌ಕೂಟಕ್ಕೆ ಹೋದರು, ನಾನು ಕಲೋತ್ಸವದಲ್ಲಿ ಹಾಡಿದೆ” ಎಂದು ಬರೆದರೆ ಅದರಲ್ಲಿ ಮಲಯಾಳ ಪದಗಳು ಎಷ್ಟು? ನೆರೆಹೊರೆಯವರ ಸಂಘ ಎಂಬ ಅರ್ಥದ ‘ಅಯಲ್‌ಕೂಟ’ ಮಲಯಾಳದಿಂದಲೇ ಬಂದುದು. ‘ಕಲೋತ್ಸವ’ ಸಂಸ್ಕೃತ ಪದ, ಆದರೆ ಶಾಲೆಯ ಕಲಾಸ್ಪರ್ಧೆಗೆ ಆ ಹೆಸರು ನಮಗೆ ಕೇರಳದ ವ್ಯವಸ್ಥೆಯಿಂದ ಬಂದಿದೆ. ಇನ್ನೊಂದು ಮಗು ‘ಕುಟುಂಬಶ್ರೀ’ ಎಂದು ಬರೆದರೆ, ಅದು 1998ರಲ್ಲಿ ಕೇರಳ ಸರಕಾರವು ಆರಂಭಿಸಿದ ಯೋಜನೆಯ ಅಂಕಿತನಾಮ. ಅದನ್ನು ಮಗು ಬೇರೆ ಯಾವ ಹೆಸರಿನಿಂದ ಕರೆಯಬೇಕು? ಇಂಥ ಪದಗಳನ್ನು ಸೇರಿಸಿದರೆ ಎರಡೂ ಬಗೆಯ ಶಾಲೆಗಳ ಲೆಕ್ಕ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಎಣಿಕೆ ಮುಗಿದ ಮೇಲೆ ನಿಯಮ ಮಾಡಿದರೆ, ನಮಗೆ ಬೇಕಾದ ಉತ್ತರ ಬರುವ ನಿಯಮವನ್ನೇ ಅರಿವಿಲ್ಲದೆ ಆರಿಸಿಬಿಡುತ್ತೇವೆ.

ಈಗ ಮೂರನೆಯ ಮೆಟ್ಟಿಲು. ಎರಡು ಬಗೆಯ ಶಾಲೆಗಳ ಸರಾಸರಿಗಳು ಹತ್ತಿರ ಹತ್ತಿರವೇ ಬಂದು, ಪರೀಕ್ಷೆಯಲ್ಲಿ ಶೂನ್ಯ ಪ್ರಾಕ್ಕಲ್ಪನೆಯನ್ನು ತಿರಸ್ಕರಿಸಲು ಆಗಲಿಲ್ಲ ಎಂದಿಟ್ಟುಕೊಳ್ಳೋಣ. ಮಂಜೇಶ್ವರದವರ ಲೆಕ್ಕದಲ್ಲಿ ನಿಮಗೆ ಆಗ ಪ್ರತಿಪಾದನೆಯೇ ಇಲ್ಲ, ಪ್ರಬಂಧವನ್ನು ಮುಚ್ಚಿಡಬೇಕು. ಹಾಗಲ್ಲ. “ಆರಿಸಿಕೊಂಡ ಶಾಲೆಗಳ ಮಟ್ಟಿಗೆ, ಮಕ್ಕಳ ಬರಹದ ಮಲಯಾಳ ಪದಗಳ ಪ್ರಮಾಣವನ್ನು ಶಾಲೆಯ ಬಗೆಯಿಂದ ವಿವರಿಸಲು ಸಾಕಷ್ಟು ಆಧಾರ ಸಿಗುವುದಿಲ್ಲ” ಎಂಬುದೂ ಒಂದು ಪ್ರತಿಪಾದನೆಯೇ, ಮತ್ತು ಅದನ್ನು ಅಧ್ಯಾಯಗಳುದ್ದಕ್ಕೂ ಸಮರ್ಥಿಸಬಹುದು. ಪ್ರಾಕ್ಕಲ್ಪನೆ ಸೋತರೂ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಆ ಉತ್ತರವನ್ನು ಅದರ ಮಿತಿಗಳೊಂದಿಗೆ ಹೇಳುವ ವಾಕ್ಯವೇ ಪ್ರತಿಪಾದನೆ. ‘ಸಾಬೀತು’ ಎಂಬ ಮಾತನ್ನೂ ಬಿಡುವುದೊಳ್ಳೆಯದು. ಶೂನ್ಯ ಪ್ರಾಕ್ಕಲ್ಪನೆ ಎಂದಿಗೂ ಸಾಬೀತಾಗುವುದಿಲ್ಲ, ಅದು ಅಲ್ಲಗಳೆಯಲ್ಪಡಬಹುದು ಅಷ್ಟೆ ಎಂದು 1935ರಲ್ಲಿಯೇ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಸ್ಪಷ್ಟವಾಗಿ ಹೇಳಿದ್ದರು. ತಿರಸ್ಕರಿಸಲಾಗಲಿಲ್ಲ ಎಂದ ಮಾತ್ರಕ್ಕೆ ವ್ಯತ್ಯಾಸವೇ ಇಲ್ಲವೆಂದು ಸಿದ್ಧವಾಗುವುದಿಲ್ಲ. ಮಕ್ಕಳ ಸಂಖ್ಯೆ ಕಡಿಮೆಯಾಗಿದ್ದುದರಿಂದ ಇದ್ದ ವ್ಯತ್ಯಾಸ ಕಾಣದೆಯೂ ಹೋಗಿರಬಹುದು.

ಪ್ರಲೋಭನೆ ಹುಟ್ಟುವುದು ಇಂಥ ಹೊತ್ತಿನಲ್ಲಿ. ಅದೇ ಬರಹಗಳನ್ನು ಮನೆಮಾತಿನ ಪ್ರಕಾರ ವಿಂಗಡಿಸಿದಾಗ, ಮನೆಯಲ್ಲಿ ಮಲಯಾಳವನ್ನೂ ಆಡುವ ಮಕ್ಕಳಲ್ಲಿ ಪ್ರಮಾಣವು ಎದ್ದು ಕಾಣುವಷ್ಟು ಹೆಚ್ಚಿದೆ ಎಂದು ತಿಳಿಯಿತೆನ್ನಿ. ಆಗ ಮೊದಲ ಅಧ್ಯಾಯಕ್ಕೆ ಹಿಂದಿರುಗಿ, ಶಾಲೆಯ ಮಾತನ್ನು ಅಳಿಸಿ, “ಮನೆಮಾತೇ ಕಾರಣ” ಎಂಬುದೇ ಆರಂಭದಿಂದಲೂ ನಮ್ಮ ಪ್ರಾಕ್ಕಲ್ಪನೆಯಾಗಿತ್ತು ಎಂಬಂತೆ ಬರೆಯುವವರಿದ್ದಾರೆ. ಮನೋವಿಜ್ಞಾನಿ ನಾರ್ಬರ್ಟ್ ಕೆರ್ 1998ರಲ್ಲಿ ಇದನ್ನು ಒಂದು ದೋಷವೆಂದು ಹೆಸರಿಟ್ಟು ಚರ್ಚಿಸಿದರು. ಒಂದು ಮಾತನ್ನು ಹುಟ್ಟಿಸಿದ ಬರಹಗಳೇ ಆ ಮಾತಿಗೆ ಪರೀಕ್ಷೆಯಾಗಲಾರವು. ಮನೆಮಾತಿನ ಸಂಗತಿಯನ್ನು ಫಲಿತಾಂಶಗಳ ಅಧ್ಯಾಯದಲ್ಲಿ, ಮೊದಲೇ ಯೋಜಿಸಿರದ ವಿಶ್ಲೇಷಣೆಯಲ್ಲಿ ಕಂಡುದೆಂದು ಹೇಳಿಯೇ ಬರೆಯಿರಿ. ಪ್ರತಿಪಾದನೆಯಲ್ಲಿ ಅದಕ್ಕೆ “ಸೂಚಿಸುತ್ತದೆ” ಎಂಬಷ್ಟೇ ಬಲ ಕೊಡಿ. ಬೇರೆ ಮಕ್ಕಳ ಬರಹಗಳನ್ನು ನೋಡುವ ಇನ್ನೊಂದು ಅಧ್ಯಯನಕ್ಕೆ ಅದು ನಿಜವಾದ ಪ್ರಾಕ್ಕಲ್ಪನೆಯಾಗುತ್ತದೆ.

ಕೊನೆಯದಾಗಿ ಒಂದು ತಾಂತ್ರಿಕ ಮಾತು. ಪ್ರತಿಯೊಂದು ಬಗೆಗೆ ಒಂದೊಂದೇ ಶಾಲೆಯನ್ನು ಆರಿಸಿ ಅರುವತ್ತು ಅರುವತ್ತು ಮಕ್ಕಳನ್ನು ತೆಗೆದುಕೊಂಡರೆ ನೀವು ಹೋಲಿಸುವುದು ನಿಜವಾಗಿ ಎರಡು ಶಾಲೆಗಳನ್ನು ಮಾತ್ರ. ಒಂದೇ ಟೀಚರ್ ತಿದ್ದಿದ ಮಕ್ಕಳ ಬರಹ ಒಂದೇ ಬಗೆಯಾಗಿರುತ್ತದೆ. ಮಕ್ಕಳ ಸಂಖ್ಯೆಯನ್ನು ಕಡಿಮೆ ಮಾಡಿಯಾದರೂ ಶಾಲೆಗಳ ಸಂಖ್ಯೆಯನ್ನು ಹೆಚ್ಚಿಸಿ.

ಮುಳ್ಳೇರಿಯದಿಂದ

ಕುಂಬಳೆಯವರು ಹೇಳಿದುದನ್ನೆಲ್ಲ ಗೌರವದಿಂದ ಓದಿದೆ, ಆದರೆ ನನ್ನ ಕಷ್ಟ ಬೇರೆ. ನಾನು ಈ ಕಡೆಯ ತುಳು ಪಾಡ್ದನಗಳ ಬೇರೆ ಬೇರೆ ಪಾಠಗಳನ್ನು ಹೋಲಿಸುವ ಕೆಲಸ ಮಾಡಿದೆ. ಹಾಡುವ ಅಜ್ಜಿಯರ ಬಳಿ ಕುಳಿತು ಕೇಳುವ ಮೊದಲು ಏನನ್ನು ನಿರೀಕ್ಷಿಸಬೇಕೆಂಬುದೇ ನನಗೆ ತಿಳಿದಿರಲಿಲ್ಲ. ಆದರೂ ನಮೂನೆಯಲ್ಲಿ ಅಂಕಣವಿದೆ ಎಂಬ ಕಾರಣಕ್ಕೆ “ಪಾಡ್ದನಗಳು ಸಮಾಜವನ್ನು ಪ್ರತಿಬಿಂಬಿಸುತ್ತವೆ” ಎಂದು ಪ್ರಾಕ್ಕಲ್ಪನೆ ಬರೆಸಿದರು. ಅದನ್ನು ನಾನು ಪರೀಕ್ಷಿಸಲೂ ಇಲ್ಲ, ಯಾರೂ ಕೇಳಲೂ ಇಲ್ಲ. ಸಾಹಿತ್ಯ, ಜಾನಪದಗಳಲ್ಲಿ ಪ್ರಶ್ನೆ ಮತ್ತು ಪ್ರತಿಪಾದನೆ ಎರಡೇ ಸಾಲದೇ?

ಕುಂಬಳೆಯಿಂದ

ಸಾಕು. ಹುಡುಕಿ ವಿವರಿಸುವ ಅಧ್ಯಯನಕ್ಕೆ ಪ್ರಾಕ್ಕಲ್ಪನೆ ಕಡ್ಡಾಯವಲ್ಲ. ಆ ಅಂಕಣದಲ್ಲಿ “ಅನ್ವಯಿಸುವುದಿಲ್ಲ” ಎಂದು ಬರೆಯಲು ಅವಕಾಶವಿರಬೇಕಿತ್ತು. ನಿಮ್ಮಲ್ಲಿ ಪ್ರಶ್ನೆಯು ಕೆಲಸದ ನಡುವೆ ಬದಲಾಗಿಯೂ ಇರಬಹುದು, ಅದು ದೋಷವಲ್ಲ. ಬದಿಯಡ್ಕದವರದು ಎಣಿಸಿ ಹೋಲಿಸುವ ಅಧ್ಯಯನವಾದುದರಿಂದ ಅವರಿಗೆ ಆ ಸ್ವಾತಂತ್ರ್ಯವಿಲ್ಲ.

ಮಂಜೇಶ್ವರದಿಂದ

ಸೋತ ಪ್ರಾಕ್ಕಲ್ಪನೆಯಿಂದಲೂ ಪ್ರತಿಪಾದನೆ ಹುಟ್ಟುತ್ತದೆ ಎಂಬುದನ್ನು ಒಪ್ಪಿದೆ. ಆದರೆ ಉತ್ತರ ತಿಳಿದ ಮೇಲೆಯೇ ಪ್ರತಿಪಾದನೆ ಎನ್ನುವುದಾದರೆ ಸಿನಾಪ್ಸಿಸ್‌ನಲ್ಲಿ ಅದಕ್ಕೆ ಅಂಕಣವೇಕೆ? ತರ್ಕಪ್ರಧಾನವಾದ ಪ್ರಬಂಧಗಳಲ್ಲಿ ಬರೆಯುವವರು ಮೊದಲೇ ಒಂದು ಪ್ರತಿಪಾದನೆಯೊಂದಿಗೆ ಹೊರಡುತ್ತಾರಲ್ಲ?

ಕುಂಬಳೆಯಿಂದ

ಹೊರಡುತ್ತಾರೆ, ಆದರೆ ಅವರು ಆಧಾರಗಳನ್ನು ಆ ಹೊತ್ತಿಗೆ ಓದಿಕೊಂಡಿರುತ್ತಾರೆ. ಎಂ.ಎಡ್. ಸಿನಾಪ್ಸಿಸ್‌ನಲ್ಲಿ ಆ ಅಂಕಣ ಇರಬಾರದಿತ್ತು ಎಂದೇ ನನಗೆ ಅನಿಸುತ್ತದೆ. ಇದನ್ನು ಒಪ್ಪದ ಹಿರಿಯ ಅಧ್ಯಾಪಕರೂ ಇದ್ದಾರೆ.

ಬದಿಯಡ್ಕದಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ರಶ್ನೆ ಮತ್ತು ಪ್ರಾಕ್ಕಲ್ಪನೆಯನ್ನು ಹೊಸದಾಗಿ ಬರೆದಿದ್ದೇನೆ. ಮೂರನೆಯ ಅಂಕಣದಲ್ಲಿ “ಮಕ್ಕಳ ಬರಹದ ಮಲಯಾಳ ಪದಗಳಿಗೂ ಶಾಲೆಯ ಬಗೆಗೂ ಇರುವ ಸಂಬಂಧದ ಕುರಿತಾದ ಪ್ರತಿಪಾದನೆಯನ್ನು ವಿಶ್ಲೇಷಣೆಯ ನಂತರ ರೂಪಿಸಲಾಗುವುದು” ಎಂದು ಬರೆದು ಕಳುಹಿಸಿದ್ದೇನೆ. ಮಾರ್ಗದರ್ಶಕರ ಉತ್ತರ ಬಂದಿಲ್ಲ. ಎಣಿಕೆಯ ನಿಯಮದಲ್ಲಿ ಅಂಕಿತನಾಮಗಳನ್ನು ಬಿಟ್ಟಿದ್ದೇನೆ, ‘ಅಯಲ್‌ಕೂಟ’ವನ್ನು ಸೇರಿಸಿದ್ದೇನೆ. ‘ಕಲೋತ್ಸವ’ದ ವಿಷಯದಲ್ಲಿ ಮಾತ್ರ ತೀರ್ಮಾನಕ್ಕೆ ಬರಲಾಗಲಿಲ್ಲ. ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ಹೀಗೆ ಎರಡು ಲೆಕ್ಕಗಳನ್ನೂ ಕೊಡುತ್ತೇನೆ ಎಂದು ನಿಯಮದಲ್ಲಿ ಮೊದಲೇ ಬರೆದಿಟ್ಟರೆ ಆಕ್ಷೇಪವಿರಲಾರದಲ್ಲವೇ?