ಸ್ಟೇಟ್‌ಮೆಂಟಿನ ಸಣ್ಣ ಕಡಿತಗಳು: 1.18ರಿಂದ ಭಾಗಿಸಿ ನೋಡಿ

ಪ್ರಶ್ನೆ (ಅಂಕೋಲಾದಿಂದ): ನಮಸ್ಕಾರ ಸರ್. ಮೊದಲು ಕಾರವಾರದಲ್ಲಿ ಕೆಲಸದಲ್ಲಿದ್ದಾಗ ಕಂಪನಿಯವರೇ ಒಂದು ಖಾಸಗಿ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸಿಕೊಟ್ಟಿದ್ದರು. ಕೆಲಸ ಬಿಟ್ಟು ಒಂದು ವರ್ಷವಾಯ್ತು. ಈಗ ಟೇಲರಿಂಗ್ ದುಡ್ಡು ಅದಕ್ಕೇ ಬರುತ್ತದೆ. ಆಗ ಒಂದು ಪೈಸೆಯೂ ಕಡಿತ ಇರಲಿಲ್ಲ, ಈಗ ಹೀಗೆ ಬಿದ್ದಿದೆ. ಯಾವುದು ಏನು, ಯಾವುದನ್ನು ವಾಪಸ್ ಕೇಳಬಹುದು?

```
31-03  SMS CHRG QTR MAR    17.70
31-03  DC AMC             147.50
05-05  MAB CHGS APR        70.00
09-05  MAB CHGS APR        48.00
```

ಉತ್ತರ (ನಿವೃತ್ತ ಬ್ಯಾಂಕ್ ಅಧಿಕಾರಿ, ಶಿರಸಿ): ತಂಗೀ, ಸಾಲುಗಳನ್ನು ಹಾಗೇ ಹಾಕಿದ್ದು ಒಳ್ಳೇದಾಯ್ತು. ಬ್ಯಾಂಕಿನ ಶುಲ್ಕದ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದೆ. ಹಾಗಾಗಿ ಕಡಿತವಾದ ಮೊತ್ತವನ್ನು 1.18ರಿಂದ ಭಾಗಿಸಿ. ಉತ್ತರ ಗುಂಡು ಅಂಕಿ ಬಂದರೆ ಅದು ಹೆಚ್ಚಾಗಿ ಶುಲ್ಕ ಮತ್ತು ತೆರಿಗೆ ಸೇರಿದ್ದು. 17.70 ಭಾಗಿಸಿದರೆ 15 ಬಂತು. ಅದು ಮೂರು ತಿಂಗಳ ಎಸ್ಎಂಎಸ್ ಶುಲ್ಕ. 147.50 ಭಾಗಿಸಿದರೆ 125. ಅದು ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ. ಕಾರ್ಡ್ ಕಪಾಟಿನಲ್ಲೇ ಇದ್ದರೂ ಇದು ಬೀಳುತ್ತದೆ. ಕೆಲವು ಬ್ಯಾಂಕುಗಳು ತೆರಿಗೆಯನ್ನು ಬೇರೆ ಸಾಲಿನಲ್ಲಿ CGST, SGST ಅಂತ 9 ಪರ್ಸೆಂಟಿನಂತೆ ಎರಡು ಪಾಲು ಮಾಡಿ ತೋರಿಸುತ್ತವೆ. ಅಲ್ಲಿ ಭಾಗಿಸುವ ಕೆಲಸ ಇಲ್ಲ.

ಕೊನೆಯ ಎರಡು ಸಾಲಿಗೆ ಈ ಲೆಕ್ಕ ಕೂಡುವುದಿಲ್ಲ. 70 ಭಾಗಿಸಿದರೆ 59.32, 48 ಭಾಗಿಸಿದರೆ 40.68. ಆದರೆ ಎರಡನ್ನೂ ಕೂಡಿಸಿ ನೋಡಿ, 118. ಅಂದರೆ ಮಿನಿಮಮ್ ಬ್ಯಾಲೆನ್ಸ್ ಇಡದ್ದಕ್ಕೆ 100 ರೂಪಾಯಿ ದಂಡ, 18 ತೆರಿಗೆ. 5ನೇ ತಾರೀಕು ಖಾತೆಯಲ್ಲಿ 70 ರೂಪಾಯಿಯಷ್ಟೇ ಇದ್ದಿರಬೇಕು. ಅಷ್ಟನ್ನು ತೆಗೆದುಕೊಂಡು, ಮುಂದೆ ನೀವು ದುಡ್ಡು ಹಾಕಿದ ದಿನ ಉಳಿದ 48 ತೆಗೆದಿದ್ದಾರೆ. ಹೌದಾ?

ಪ್ರಶ್ನೆ ಕೇಳಿದವರು: ಹೌದು ಸರ್, 9ಕ್ಕೆ 500 ಹಾಕಿದ್ದೆ. ಆದರೆ ಏಪ್ರಿಲ್‌ನಲ್ಲಿ 3,570 ಇತ್ತಲ್ಲ! ನಮ್ಮ ಖಾತೆಗೆ 2,000 ಇದ್ದರೆ ಸಾಕಂತೆ.

ಕುಮಟಾದಿಂದ ಒಬ್ಬರು: ಅಕ್ಕಾ, ಮಿನಿಮಮ್ ಬ್ಯಾಲೆನ್ಸ್ ದಂಡವನ್ನು ಆರ್‌ಬಿಐ ಪೂರ್ತಿ ತೆಗೆದುಹಾಕಿದೆ. ಪೇಪರಿನಲ್ಲೂ ಬಂದಿತ್ತು. ನಮ್ಮಲ್ಲಿ ಯಾರಿಗೂ ಕಟ್ ಆಗುವುದಿಲ್ಲ. ಬ್ಯಾಂಕಿನವರಿಗೆ ಜೋರು ಮಾಡಿ ಕೇಳಿ.

ನಿವೃತ್ತ ಅಧಿಕಾರಿ: ಅರ್ಧ ಸರಿ ಮಾರಾಯ್ರೇ. ತೆಗೆದದ್ದು ಆರ್‌ಬಿಐ ಅಲ್ಲ, ಕೆಲವು ಬ್ಯಾಂಕುಗಳು ತಾವಾಗಿಯೇ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗೆ ಇದನ್ನು ಬಿಟ್ಟವು. ನಿಮ್ಮ ಸುತ್ತ ಯಾರಿಗೂ ಕಟ್ ಆಗದಿರುವುದು ಅದಕ್ಕೇ ಇರಬೇಕು. ಕನಿಷ್ಠ ಮೊತ್ತ ಎಷ್ಟು ಅನ್ನುವುದನ್ನು ಆರ್‌ಬಿಐ ಆಯಾ ಬ್ಯಾಂಕಿಗೇ ಬಿಟ್ಟಿದೆ. ಇವರದು ಖಾಸಗಿ ಬ್ಯಾಂಕು. ಸುಮ್ನೆ ಜೋರು ಮಾಡಿದರೆ ಕೌಂಟರಿನಲ್ಲಿ ಇವರೇ ಸೋಲುತ್ತಾರೆ.

ತಂಗೀ, MAB ಅಂದರೆ ತಿಂಗಳ ಸರಾಸರಿ. ಒಂದು ದಿನ 3,570 ಇದ್ದರೆ ಸಾಲದು. ಹಾಗೆಯೇ ಒಂದು ದಿನ ಕಡಿಮೆಯಾದ ಮಾತ್ರಕ್ಕೆ ದಂಡವೂ ಇಲ್ಲ. ಪ್ರತಿ ದಿನದ ಕೊನೆಗೆ ಉಳಿದದ್ದನ್ನೆಲ್ಲ ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. ಏಪ್ರಿಲ್‌ನಲ್ಲಿ ಯಾವಾಗ ಎಷ್ಟು ಇತ್ತು ಹೇಳಿ.

ಪ್ರಶ್ನೆ ಕೇಳಿದವರು: 1ರಿಂದ 10ರವರೆಗೆ 570. 11ಕ್ಕೆ 3,000 ಬಂತು. 16ಕ್ಕೆ ಬಟ್ಟೆ ತರಲು 3,500 ತೆಗೆದೆ. ಆಮೇಲೆ 70 ಹಾಗೇ ಇತ್ತು.

ನಿವೃತ್ತ ಅಧಿಕಾರಿ: ಹತ್ತು ದಿನ 570ರಂತೆ 5,700. ಐದು ದಿನ 3,570ರಂತೆ 17,850. ಹದಿನೈದು ದಿನ 70ರಂತೆ 1,050. ಒಟ್ಟು 24,600. ಮೂವತ್ತರಿಂದ ಭಾಗಿಸಿದರೆ ಸರಾಸರಿ 820. ಅಂದರೆ 1,180 ಕೊರತೆ. ಅದೇ 3,500 ಅನ್ನು 16ರ ಬದಲು 27ಕ್ಕೆ ತೆಗೆದಿದ್ದರೆ ಸರಾಸರಿ 2,000 ದಾಟುತ್ತಿತ್ತು. ಕೊರತೆ ಎಷ್ಟಿದ್ದರೆ ದಂಡ ಎಷ್ಟು ಅನ್ನುವ ಪಟ್ಟಿ ಬ್ಯಾಂಕಿನ ವೆಬ್‌ಸೈಟಿನಲ್ಲಿ ಇರುತ್ತದೆ. 1,180ರ ಕೊರತೆಗೆ 100 ಅಂತ ಅಲ್ಲಿ ಇದೆಯಾ ನೋಡಿಕೊಳ್ಳಿ.

ಮೂಲ ಕಾರಣ ಮಾತ್ರ ಬೇರೆ. ಕೆಲವು ತಿಂಗಳು ಸಂಬಳ ಬರದಿದ್ದರೆ ಸಂಬಳದ ಖಾತೆಯನ್ನು ಬ್ಯಾಂಕು ಸಾಮಾನ್ಯ ಉಳಿತಾಯ ಖಾತೆ ಮಾಡಿಬಿಡುತ್ತದೆ. ಅಲ್ಲಿಂದ ಎಲ್ಲ ಶುಲ್ಕ ಶುರು.

ಭಟ್ಕಳದಿಂದ ಒಬ್ಬರು: ನಮ್ಮ ಅಪ್ಪನ ಖಾತೆಯಲ್ಲೂ ಇದೇ ಗೋಳು. ಮೇ ಕೊನೆಗೆ ಒಂದು ಸಲ 436, ಇನ್ನೊಂದು ಸಲ 20. ಇದು ಯಾವ ದಂಡ? ಖಾತೆಯಲ್ಲಿ ಹತ್ತು ಸಾವಿರದ ಮೇಲೇ ಇತ್ತು.

ನಿವೃತ್ತ ಅಧಿಕಾರಿ: ಇದು ದಂಡವೂ ಅಲ್ಲ, ಶುಲ್ಕವೂ ಅಲ್ಲ. 436 ಭಾಗಿಸಿದರೆ 369.49 ಬರುತ್ತದೆ, ಅಲ್ಲೇ ಗೊತ್ತಾಗುತ್ತದೆ. ಅದು ಜೀವನ್ ಜ್ಯೋತಿ ವಿಮೆಯ ಕಂತು, 20 ಸುರಕ್ಷಾ ವಿಮೆಯ ಕಂತು. ಜೂನ್ 1ರಿಂದ ಹೊಸ ವರ್ಷ ಅಂತ ಮೇ ಕೊನೆಗೆ ತೆಗೆಯುತ್ತಾರೆ. ಅಪ್ಪ ಸಹಿ ಹಾಕಿದ್ದು ನೆನಪಿದೆಯಾ ಕೇಳಿ. ಹಾಕಿದ್ದರೆ ನಿಲ್ಲಿಸುವ ಮೊದಲು ಒಮ್ಮೆ ಯೋಚಿಸಿ, ಎರಡೂ ಎರಡೆರಡು ಲಕ್ಷದ ವಿಮೆ. ಹಾಕಿಲ್ಲ ಅಂದರೆ ಒಪ್ಪಿಗೆ ಪತ್ರದ ಪ್ರತಿ ತೋರಿಸಿ ಅಂತ ಶಾಖೆಯಲ್ಲಿ ಬರೆದು ಕೊಡಿ.

ಅಂಕೋಲಾದ ತಂಗೀ, ಒಂದು ಮುಖ್ಯ ಮಾತು. ದಂಡ ಹಾಕುವ ಮೊದಲು ಬ್ಯಾಂಕು ಎಸ್ಎಂಎಸ್, ಇಮೇಲ್ ಅಥವಾ ಪತ್ರದಲ್ಲಿ ತಿಳಿಸಬೇಕು. ತಿಳಿಸಿದ ದಿನದಿಂದ ಒಂದು ತಿಂಗಳ ಒಳಗೆ ನೀವು ತುಂಬಿಸದಿದ್ದರೆ ಮಾತ್ರ ದಂಡ. ಇದು ಆರ್‌ಬಿಐ 2014ರಲ್ಲಿ ಹೇಳಿದ್ದು, 2015ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಮಗೆ ಅಂಥ ಮೆಸೇಜ್ ಬಂದಿತ್ತಾ?

ಪ್ರಶ್ನೆ ಕೇಳಿದವರು: ಯಾವ ಮೆಸೇಜೂ ಬಂದಿಲ್ಲ. ಮೊನ್ನೆ ಶಾಖೆಗೆ ಹೋದಾಗ ನೋಡಿದರೆ ಅವರಲ್ಲಿ ಇರುವುದು ಕಂಪನಿ ಕೊಟ್ಟ ಹಳೇ ನಂಬರು. ಆ ಸಿಮ್ ಕೆಲಸ ಬಿಟ್ಟಾಗಲೇ ವಾಪಸ್ ಕೊಟ್ಟಿದ್ದೆ.

ನಿವೃತ್ತ ಅಧಿಕಾರಿ: ಹಾಗಾದರೆ ನಿಮ್ಮ ಖಾತೆಯ ಮಾತು ಬೇರೆ ಯಾರದೋ ಕೈಗೆ ಹೋಗುತ್ತಿದೆ. ಶುಲ್ಕ ಆಮೇಲೆ. ನಾಳೆಯೇ ಹೋಗಿ ನಂಬರ್ ಬದಲಿಸಿ, ಒಟಿಪಿ ಕೂಡ ಅಲ್ಲಿಗೇ ಹೋಗುವುದು.

ದಂಡದ 118ರ ಬಗ್ಗೆ ಒಂದೇ ಪುಟದಲ್ಲಿ ಬರೆದು ಕೊಡಿ: "ಏಪ್ರಿಲ್ ಕೊರತೆಯ ನೋಟಿಸ್ ಯಾವ ದಿನ, ಯಾವ ನಂಬರಿಗೆ ಕಳಿಸಿದಿರಿ? ತಿಂಗಳು ತುಂಬುವ ಮೊದಲೇ 5-5ಕ್ಕೆ ಕಡಿತವಾಗಿದೆ." ಅವರು ಹಿಂದಿನ ತಿಂಗಳ ನೋಟಿಸ್ ತೋರಿಸಲೂಬಹುದು. ಆಗ ನಂಬರ್ ಬದಲಿಸದ್ದು ನಿಮ್ಮ ಕಡೆಯ ಕೊರತೆ ಅನ್ನುತ್ತಾರೆ, ಆ ಮಾತಿಗೂ ತೂಕ ಇದೆ. ದಂಡ ವಾಪಸ್ ಮಾಡಿದರೆ ಜಿಎಸ್‌ಟಿಯೂ ಸೇರಿ 118 ಬಂತಾ ನೋಡಿ. ಕಾರ್ಡಿನ 147.50 ಸಿಗುವುದು ಕಷ್ಟ. ಕಾರ್ಡ್ ಬೇಡವಾದರೆ ಬ್ಲಾಕ್ ಮಾಡಿಸಿ ಸುಮ್ಮನಾಗಬೇಡಿ, ಕಾರ್ಡ್ ಮುಚ್ಚಲು ಅಂತಲೇ ಬರೆದು ಕೊಡಿ.

ಹಳಿಯಾಳದಿಂದ ಒಬ್ಬರು: 5ಕ್ಕೆ 70 ತೆಗೆದು 9ಕ್ಕೆ ಮತ್ತೆ 48 ತೆಗೆಯುವುದು ಸರಿಯಾ ಸರ್? ದಂಡದಿಂದ ಖಾತೆ ಮೈನಸ್ ಆಗಬಾರದು ಅಂತ ಇದೆಯಲ್ಲ?

ನಿವೃತ್ತ ಅಧಿಕಾರಿ: ಮೈನಸ್ ಆಗಬಾರದು ಅನ್ನುವುದು ನಿಜ, ಇಲ್ಲಿ ಶೂನ್ಯಕ್ಕೆ ಬಂದು ನಿಂತಿದೆ. ಬಾಕಿಯನ್ನು ಬರೆದಿಟ್ಟುಕೊಂಡು ಮುಂದಿನ ಜಮೆಯಿಂದ ಹಿಡಿಯುವುದು ಆ ನಿಯಮದ ಆಶಯಕ್ಕೆ ಒಪ್ಪುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಬ್ಯಾಂಕುಗಳು ಒಪ್ಪುವುದಿಲ್ಲ. ದೂರಿನಲ್ಲಿ ಇದನ್ನೂ ಒಂದು ಸಾಲು ಸೇರಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದದ್ದು ಸಮಾಧಾನ ಆಗದಿದ್ದರೆ cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ಹಾಕಬಹುದು, ಖರ್ಚಿಲ್ಲ. ಬ್ಯಾಂಕಿಗೆ ಕೊಟ್ಟ ದೂರಿನ ನಂಬರ್ ಜೋಪಾನ, ಮೊದಲು ಬ್ಯಾಂಕಿಗೆ ದೂರು ಕೊಡದಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು: ಇನ್ನು ಮುಂದೆ ದಂಡ ಬೀಳದ ಹಾಗೆ ಏನು ಮಾಡಲಿ? ನನಗೆ 2,000 ಕಾಯಂ ಇಡಲು ಆಗುವುದಿಲ್ಲ.

ನಿವೃತ್ತ ಅಧಿಕಾರಿ: ಬೇಸಿಕ್ ಸೇವಿಂಗ್ಸ್ ಖಾತೆಗೆ ಬದಲಿಸಿಕೊಡಿ ಅಂತ ಕೇಳಿ. ಅದಕ್ಕೆ ಕನಿಷ್ಠ ಮೊತ್ತ ಇಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕವೂ ಇಲ್ಲ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ದುಡ್ಡು ತೆಗೆಯುವುದು ಉಚಿತ. ಒಂದು ಶರತ್ತು, ಅದೇ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇರಬಾರದು. ಕೌಂಟರಿನಲ್ಲಿ ತಾವಾಗಿ ಹೇಳುವವರು ಕಡಿಮೆ, ಹೆಸರು ಹಿಡಿದೇ ಕೇಳಿ.