ರೇಷ್ಮೆ ಸೀರೆ ಒರಟು, ಪಂಚೆ ಹಪ್ಪಳ: ಅಂಟುವಾಳವೋ, ಸೋಪೋ, ಪೌಡರೋ?

ಕೇಳಿದವರು: ತೀರ್ಥಹಳ್ಳಿಯಲ್ಲಿ ಬಾವಿ ನೀರು, ಬಾರ್ ಸೋಪು. ಏನೂ ತೊಂದರೆ ಇರಲಿಲ್ಲ. ಈಗ ಶಿವಮೊಗ್ಗದ ಬಾಡಿಗೆ ಮನೆಯಲ್ಲಿ ಬೋರ್ ನೀರು. ಅದೇ ಸೋಪಿಗೆ ಅಮ್ಮನ ರೇಷ್ಮೆ ಸೀರೆ ಕಳೆಗುಂದಿ ಒರಟಾಗಿದೆ, ಮಡಿಕೆಯಲ್ಲಿ ಬಿಳಿ ಪುಡಿ. ಪಂಚೆಯಂತೂ ಹಪ್ಪಳ. ಅಂಟುವಾಳಕ್ಕೆ ಹೋಗ್ಲಾ?

ಸಾಗರದ ಕಡೆಯವರು: ಅಂಟುವಾಳ ಒಂದೇ ಸಾಕು ಕಣ್ರೀ, ರೇಷ್ಮೆಗೂ ಪಂಚೆಗೂ. ನಮ್ಮಜ್ಜಿ ಬೇರೇನೂ ಮುಟ್ಟುತ್ತಿರಲಿಲ್ಲ.

ಸೀರೆ ಪಾಲಿಶ್ ಅಂಗಡಿಯವರು: ರೇಷ್ಮೆಗೆ ಒಪ್ಪಿದೆ, ಪಂಚೆಗಲ್ಲ. ಕಾಲರ್ ಬೆವರು, ಎಣ್ಣೆ ಜಿಡ್ಡು ಅಂಟುವಾಳಕ್ಕೆ ಪೂರ್ತಿ ಬಿಡಲ್ಲ, ಬಿಳಿ ಬಟ್ಟೆ ಬರಬರುತ್ತಾ ಮಂಕಾಗುತ್ತದೆ.

ನಿಮ್ಮಲ್ಲಿ ಬದಲಾಗಿರುವುದು ನೀರು. ಗಡಸು ನೀರಿನ ಸುಣ್ಣದ ಅಂಶ ಸೋಪಿಗೆ ಸೇರಿದರೆ ಕರಗದ ಜಿಡ್ಡಾಗಿ ನೂಲಿನ ನಡುವೆ ಕೂರುತ್ತದೆ. ಎರಡು ಬಾಟಲಿ ತಗೊಳ್ಳಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಮಳೆ ನೀರು. ಎರಡಕ್ಕೂ ಚಿಟಿಕೆ ಸೋಪು ತುರಿದು ಹಾಕಿ ಕುಲುಕಿ. ಗಡಸು ನೀರಲ್ಲಿ ನೊರೆ ಕಮ್ಮಿ, ಒಡೆದ ಹಾಲಿನ ಥರ ಚೂರು ತೇಲುತ್ತವೆ.

ಪೌಡರಿನಲ್ಲಿ ಈ ಜಿಡ್ಡಿನ ಕಾಟ ಕಮ್ಮಿ. ಹತ್ತಿಗೆ ಅದನ್ನೇ ಹಾಕಿ. ಆದರೆ ಹೆಚ್ಚಿನದರಲ್ಲಿ ಸೋಡಾ ಇರುತ್ತದೆ, ಕೆಲವದರಲ್ಲಿ ಎಂಜೈಮ್. ರೇಷ್ಮೆಯೂ ನಮ್ಮ ಕೂದಲ ಥರದ ಪ್ರೋಟೀನೇ ಅಲ್ವಾ, ಎರಡೂ ಅದಕ್ಕೆ ಆಗಲ್ಲ.

ಒಂದು ಸೀರೆಗೆ ಹತ್ತು ಕಾಯಿ ಸಾಕು. ಬೀಜ ತೆಗೆದು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ತಿಳಿ ಬಣ್ಣದ ಸೀರೆಗೆ ಕಂದು ಕಲೆ ಗ್ಯಾರಂಟಿ. ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಿ ಐದು ನಿಮಿಷ ಅದ್ದಿ, ಉಜ್ಜದೆ ಎರಡು ಸಲ ಜಾಲಾಡಿಸಿ, ನೆರಳಲ್ಲಿ ಒಣಗಿಸಿ. ಮೊದಲು ಒಳ ಅಂಚಲ್ಲಿ ಬಣ್ಣ ಬಿಡುತ್ತಾ ನೋಡಿ. ರಸ ಎರಡು ದಿನಕ್ಕೆ ಹುಳಿ ವಾಸನೆ ಬರುತ್ತದೆ, ಬೇಕಾದಷ್ಟೇ ಮಾಡಿ.

ಹೊಸನಗರದವರು: ಅಂಟುವಾಳದಲ್ಲಿ ನಮ್ಮ ಬೆಳ್ಳಿ ದೀಪ ಎಷ್ಟು ಹೊಳೆಯುತ್ತೆ ಗೊತ್ತಾ! ಅದಿರಲಿ, ಅಡಿಕೆ ಸುಲಿಯುವಾಗ ಅಂಗಿಗೆ ಹತ್ತಿದ ಚೊಗರಿನ ಕಲೆಗೆ ಯಾವುದು? ಸೋಪು ಹಾಕಿದಷ್ಟೂ ಇನ್ನೂ ಕಪ್ಪಾಯ್ತು.

ಪಾಲಿಶ್ ಅಂಗಡಿಯವರು: ಅದಕ್ಕೆ ಮೂರೂ ಸೋತವು. ನಾವಂತೂ ಆ ಅಂಗಿಯನ್ನು ತೋಟಕ್ಕೇ ಬಿಡುತ್ತೇವೆ.

ಕೇಳಿದವರು: ಕುಲುಕಿ ನೋಡಿದೆ, ಬೋರ್ ಬಾಟಲಿ ಥೇಟ್ ಮಜ್ಜಿಗೆ! ಸೀರೆ ಎರಡನೇ ಅಂಟುವಾಳದ ನೀರಿಗೆ ಮೆತ್ತಗಾಯ್ತು. ಪಂಚೆಯನ್ನು ವಿನೆಗರ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಬಿಸಿನೀರಲ್ಲಿ ಪೌಡರ್ ಹಾಕಿ ಒಗೆದೆ. ಹಪ್ಪಳ ಹೋಯ್ತು. ಜರಿ ಅಂಚಲ್ಲಿ ಮಾತ್ರ ಇನ್ನೂ ಪುಡಿ. ಅಲ್ಲಿಗೂ ವಿನೆಗರ್ ಹಾಕಬಹುದಾ?

ಸಾಗರದ ಕಡೆಯವರು: ಹಾಕಿ, ನಾನು ಹಾಕಿದ್ದೀನಿ.

ಪಾಲಿಶ್ ಅಂಗಡಿಯವರು: ನಾನು ಹಾಕಲ್ಲ. ಜರಿ ಕಪ್ಪಾದ ಸೀರೆ ಒಂದು ನನ್ನ ಅಂಗಡಿಯಲ್ಲೇ ಇದೆ. ಒಣ ಬ್ರಷ್‌ನಲ್ಲಿ ಮೆಲ್ಲಗೆ ಕೊಡವಿ ನೋಡಿ.