ಹಲ್ಲು ಸೆಟ್ಟನ್ನು ಮನೆಯಲ್ಲಿ ಉಜ್ಜಬೇಡಿ

"ಚಿಕ್ಕಜ್ಜ, ಅಜ್ಜನ ಹೊಸ ಹಲ್ಲು ಸೆಟ್ ಒಸಡಿಗೆ ಒತ್ತುತ್ತಿದೆ, ಹಾಕಿಕೊಳ್ಳಲು ಒಪ್ಪುತ್ತಿಲ್ಲ. ಅಕ್ಕನ ಮದುವೆ ಮುಂದಿನ ವಾರವೇ. ಅಪ್ಪ ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಉಜ್ಜಿ ಸರಿಮಾಡುತ್ತೇನೆ ಎನ್ನುತ್ತಿದ್ದಾರೆ, ಮಾಡಬಹುದೇ?"

ಮಗು, ಮೊದಲು ನಿನ್ನ ಅಪ್ಪನ ಕೈಯಿಂದ ಆ ಸ್ಯಾಂಡ್‌ಪೇಪರನ್ನು ಕಸಿದುಕೋ. ಸೆಟ್ಟನ್ನು ಮನೆಯಲ್ಲಿ ಉಜ್ಜಬಾರದು. ಮೊಮ್ಮಗಳ ಮದುವೆಗೆಂದು ನಾನು ಮೊದಲ ಸಲ ಹಲ್ಲು ಕಟ್ಟಿಸಿಕೊಂಡಾಗ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ, ಆದರೂ ಇನ್ನೊಮ್ಮೆ ಕೇಳಿ. ಮೇಲಿನ ಸೆಟ್ಟಿನ ಅಂಚು ತುಟಿಯ ಒಳಗೆ, ಒಸಡಿನ ಮೇಲ್ತುದಿಗೆ ಒತ್ತಿ ಉರಿಯುತ್ತಿತ್ತು. ರಾತ್ರಿ ನಾನು ಮಲಗಿದ ಮೇಲೆ ನನ್ನ ಹಿರಿಮಗ, ಒಳ್ಳೆಯ ಮನಸ್ಸಿನಿಂದಲೇ ಇರಬಹುದು, ಅದನ್ನು ನೀರಿನ ಬಟ್ಟಲಿನಿಂದ ತೆಗೆದು ಅಂಚನ್ನು ಸುತ್ತಲೂ ಉಜ್ಜಿ ನುಣುಪು ಮಾಡಿಟ್ಟ. ಬೆಳಿಗ್ಗೆ ನೋವೇನೋ ಇರಲಿಲ್ಲ. ಆದರೆ ಮೊಮ್ಮಗಳು ಏನೋ ತಮಾಷೆ ಮಾಡಿದಳೆಂದು ನಕ್ಕ ಕೂಡಲೇ ಮೇಲಿನ ಸಾಲು ಪೂರ್ತಿಯಾಗಿ ಕಳಚಿ ಕೆಳಗಿನದರ ಮೇಲೆ ಟಪ್ಪನೆ ಬಿತ್ತು. ಮೇಲಿನ ಸೆಟ್ ನಿಲ್ಲುವುದು ಅಂಗುಳಕ್ಕೂ ಅದಕ್ಕೂ ನಡುವಿನ ತೆಳುವಾದ ಜೊಲ್ಲಿನ ಪದರದಿಂದ ಮತ್ತು ಸುತ್ತಲೂ ಗಾಳಿ ನುಸುಳದಂತೆ ಕೂತ ಅಂಚಿನಿಂದ. ಅಂಚು ಗಿಡ್ಡವಾದರೆ, ನಗುವಾಗ ತುಟಿ ಮೇಲೆದ್ದು ಗಾಳಿ ಒಳಸೇರಿ ಹಿಡಿತವೇ ತಪ್ಪುತ್ತದೆ. ಡಾಕ್ಟರು ಮತ್ತೆ ಅಚ್ಚು ತೆಗೆದು ಅಂಚನ್ನು ಕಟ್ಟಿಕೊಟ್ಟ ಮೇಲೆಯೇ ಅದು ಕೂತಿತು. ಮದುವೆಯ ದಿನ ನಾನು ಬಾಯ್ತುಂಬ ನಕ್ಕಾಗ ಮೊಮ್ಮಗಳು ನನ್ನ ಗಲ್ಲ ಹಿಡಿದು, "ಅಜ್ಜಾ, ಇನ್ನೊಮ್ಮೆ ನಗು" ಎಂದಳು. ಸೆಟ್ ಬೀಳಲಿಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಮನೆಯಲ್ಲಿ ಉಜ್ಜಬೇಡಿ. ತೆಗೆದದ್ದನ್ನು ಮನೆಯಲ್ಲಿ ಮರಳಿ ಸೇರಿಸಲು ಬರುವುದಿಲ್ಲ.

ಇಷ್ಟಕ್ಕೂ ಕೊನೆಯ ಗಳಿಗೆಯವರೆಗೆ ಬಿಟ್ಟವರು ಯಾರು? ಹಲ್ಲು ಕೀಳಿಸಿದ ಮೇಲೆ ಒಸಡು ಮಾಗಬೇಕು, ಆಮೇಲೆ ಅಚ್ಚು, ಬಾಯಿ ಕಚ್ಚಿಸಿ ಅಳತೆ, ಮೇಣದ ಮೇಲೆ ಹಲ್ಲು ಜೋಡಿಸಿ ನೋಡುವುದು ಎಂದು ಒಂದೊಂದು ಸರದಿಗೂ ದಿನ ಬೇಕು. ನಮ್ಮ ಮನೆಯವರಿಗೆ ಬಟ್ಟೆ ಹೊಲಿಯಲು ಕೊಡುವ ದಿನ ತಪ್ಪದೆ ನೆನಪಿರುತ್ತದೆ, ಮುದುಕರ ಬಾಯಿ ಮಾತ್ರ ಎಲ್ಲ ಮುಗಿದ ಮೇಲೆ ಕಣ್ಣಿಗೆ ಬೀಳುತ್ತದೆ. ನನ್ನ ಸರದಿಯಲ್ಲೂ ಹೀಗೆಯೇ ಆಗಿತ್ತು, ಯಾರೂ ಮಾತೆತ್ತುವುದಿಲ್ಲ.

ಹಾಂ, ನೀನು ಕೇಳಿದ್ದನ್ನೇ ಮರೆತೆ. ನಾಳೆಯೇ ನಿನ್ನ ಅಜ್ಜನನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗು. ಹುಣ್ಣಾಗಿ ರಕ್ತ ಬರುತ್ತಿಲ್ಲವಾದರೆ, ಹೋಗುವ ಮುನ್ನ ಕೆಲವು ಗಂಟೆ ಸೆಟ್ ಬಾಯಲ್ಲೇ ಇರಲಿ. ಆಗಲೇ ಒತ್ತುವ ಜಾಗ ಕೆಂಪಾಗಿ ಕಾಣಿಸುತ್ತದೆ, ಅವರು ಅಷ್ಟನ್ನೇ ನೋಡಿ ಸವೆಸುತ್ತಾರೆ. ರಾತ್ರಿ ತೆಗೆದು ತಣ್ಣೀರಿನಲ್ಲಿಡಲಿ, ಬಿಸಿನೀರು ಬೇಡ, ಸೆಟ್ಟಿನ ಆಕಾರ ಕೆಡುತ್ತದೆ.